ಸಾಸಿವೆ ಎಣ್ಣೆ ತಿನ್ನಬಹುದೇ? ಎರೂಸಿಕ್ ಆಮ್ಲದ ಲೆಕ್ಕ

ಬಾಟಲಿಯ ಮೇಲಿನ ಸಾಲು

ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸಾಸಿವೆ ಎಣ್ಣೆ ಸಿಗುತ್ತದೆ. ಆದರೆ ಬಾಟಲಿಯ ಮೇಲೆ ‘ಹೊರಬಳಕೆಗೆ ಮಾತ್ರ’ ಎಂದು ಬರೆದಿರುತ್ತದೆ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಇದನ್ನು ಅಡುಗೆ ಎಣ್ಣೆಯಾಗಿ ಒಪ್ಪಿಲ್ಲ. ಬಂಗಾಳ, ಬಿಹಾರ, ಕಾಶ್ಮೀರಗಳಲ್ಲಿ ಮಾತ್ರ ಮೀನು ಕರಿಯುವುದಕ್ಕೂ ಉಪ್ಪಿನಕಾಯಿಗೂ ಇದೇ ಎಣ್ಣೆ. ಈ ಭಿನ್ನಾಭಿಪ್ರಾಯದ ಮೂಲದಲ್ಲಿರುವುದು ಎರೂಸಿಕ್ ಆಮ್ಲ.

ಸಾಂಪ್ರದಾಯಿಕ ಭಾರತೀಯ ಸಾಸಿವೆ ಎಣ್ಣೆಯ ಕೊಬ್ಬಿನಲ್ಲಿ ಸುಮಾರು 40ರಿಂದ 50 ಶೇಕಡಾ ಈ ಆಮ್ಲವೇ. ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸಿದರೆ ದೋಷ ಹೋಗುತ್ತದೆ ಎಂದು ನಂಬುವವರಿದ್ದಾರೆ. ಹೋಗುವುದು ಮೂಗಿಗೆ ಹತ್ತುವ ಘಾಟು ಮಾತ್ರ. ಅದು ಬೇರೆಯೇ ರಾಸಾಯನಿಕ. ಎರೂಸಿಕ್ ಆಮ್ಲ ಕೊಬ್ಬಿನ ಭಾಗವೇ ಆಗಿರುವುದರಿಂದ ಕಾಯಿಸಿದರೂ ಸಂಸ್ಕರಿಸಿದರೂ ಅಲ್ಲೇ ಉಳಿಯುತ್ತದೆ.

ಇಲಿಯ ಹೃದಯದಲ್ಲಿ ಕಂಡದ್ದು

ಎರೂಸಿಕ್ ಆಮ್ಲ 22 ಇಂಗಾಲದ ಉದ್ದನೆಯ ಸರಪಳಿ. ಜೀವಕೋಶದೊಳಗೆ ಕೊಬ್ಬನ್ನು ಉರಿಸುವ ಮೈಟೋಕಾಂಡ್ರಿಯಾಗಳು ಇಷ್ಟು ಉದ್ದದ್ದನ್ನು ಸಲೀಸಾಗಿ ಉರಿಸಲಾರವು. ಮೊದಲು ಪೆರಾಕ್ಸಿಸೋಮ್ ಎಂಬ ಇನ್ನೊಂದು ಕಣದಂಗ ಅದನ್ನು ತುಂಡರಿಸಿ ಗಿಡ್ಡ ಮಾಡಬೇಕು. ಕೆಲಸ ಹಿಂದೆ ಬಿದ್ದಾಗ ಹೃದಯದ ಸ್ನಾಯುವಿನಲ್ಲಿ ಕೊಬ್ಬಿನ ಹನಿಗಳು ಸೇರಿಕೊಳ್ಳುತ್ತವೆ.

1960-70ರ ದಶಕಗಳಲ್ಲಿ, ಸಾಸಿವೆಯ ಬಳಗದ ರೇಪ್‌ಸೀಡ್ ಎಣ್ಣೆಯನ್ನು ಯಥೇಚ್ಛವಾಗಿ ತಿನ್ನಿಸಿದ ಇಲಿಗಳಲ್ಲಿ ಕಂಡದ್ದು ಇದೇ. ಎಣ್ಣೆ ಮುಂದುವರಿಸಿದರೂ ಈ ಶೇಖರಣೆ ಕ್ರಮೇಣ ಇಳಿಯುತ್ತಿತ್ತು. ಆದರೆ ದೀರ್ಘಕಾಲ ತಿಂದ ಇಲಿಗಳ ಹೃದಯದಲ್ಲಿ ಗಾಯದ ಗುರುತುಗಳೂ ಸಿಕ್ಕವು. ಇಂಥ ಕೊಬ್ಬನ್ನು ಉರಿಸುವುದರಲ್ಲಿ ಇಲಿಯ ಹೃದಯ ವಿಶೇಷವಾಗಿ ದುರ್ಬಲ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೆನಡಾದ ತಳಿ ವಿಜ್ಞಾನಿಗಳು ಈ ಆಮ್ಲ ತೀರಾ ಕಡಿಮೆ ಇರುವ ರೇಪ್‌ಸೀಡ್ ಬೆಳೆದಿದ್ದರು. ಇಂದಿನ ಕ್ಯಾನೋಲಾ ಅದೇ.

7 ಮಿಲಿಗ್ರಾಂ ಎಲ್ಲಿಂದ ಬಂತು?

ಎಳೆಯ ಇಲಿಗಳಿಗೂ ನವಜಾತ ಹಂದಿಮರಿಗಳಿಗೂ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 700 ಮಿಲಿಗ್ರಾಂ ತನಕ ಎರೂಸಿಕ್ ಆಮ್ಲ ಕೊಟ್ಟರೆ ಹೃದಯದಲ್ಲಿ ತೊಂದರೆ ಕಾಣುವುದಿಲ್ಲ. ಮನುಷ್ಯನಿಗೆ ಸುರಕ್ಷತೆಯ ಅಂತರವಿರಲಿ ಎಂದು ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಇದನ್ನು ನೂರರಿಂದ ಭಾಗಿಸಿ, ಕಿಲೋಗೆ 7 ಮಿಲಿಗ್ರಾಂ ಎಂದು ನಿಗದಿ ಮಾಡಿತು.

ಈಗ 60 ಕಿಲೋ ತೂಗುವ, ದಿನಕ್ಕೆ 25 ಗ್ರಾಂ ಸಾಸಿವೆ ಎಣ್ಣೆ ತಿನ್ನುವ ಒಬ್ಬರನ್ನು ಊಹಿಸಿಕೊಳ್ಳಿ. ಎಣ್ಣೆಯಲ್ಲಿ 45 ಶೇಕಡಾ ಎರೂಸಿಕ್ ಆಮ್ಲವಿದ್ದರೆ ದಿನಕ್ಕೆ 11 ಗ್ರಾಂ ಚಿಲ್ಲರೆ, ಅಂದರೆ ಕಿಲೋಗೆ ಸುಮಾರು 190 ಮಿಲಿಗ್ರಾಂ. ಯುರೋಪಿನ ಮಿತಿಗೆ ಹೋಲಿಸಿದರೆ ಇದು 27 ಪಟ್ಟು! ಆದರೆ ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣದ ಕಾಲುಭಾಗಕ್ಕಿಂತ ತುಸು ಮಾತ್ರ ಹೆಚ್ಚು. ಮಿತಿ ಮೀರಿದೆ ಎನ್ನುವವರೂ ಹಾನಿಯ ಮಟ್ಟ ಮುಟ್ಟಿಲ್ಲ ಎನ್ನುವವರೂ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅದೇ ಮನೆಯ 15 ಕಿಲೋ ತೂಕದ ಮಗು 15 ಗ್ರಾಂ ಎಣ್ಣೆ ತಿಂದರೆ ಲೆಕ್ಕ ಕಿಲೋಗೆ 450 ಮಿಲಿಗ್ರಾಂಗೆ ಏರುತ್ತದೆ. ಅಂತರ ಇಲ್ಲಿ ತೀರಾ ಸಣ್ಣದು. ನನ್ನ ಮಟ್ಟಿಗೆ ನಿಜವಾದ ಎಚ್ಚರಿಕೆ ಬೇಕಿರುವುದು ಇಲ್ಲೇ.

ಮನುಷ್ಯರಲ್ಲಿ ಏನಾಗಿದೆ?

ಸಾಸಿವೆ ಎಣ್ಣೆ ತಿಂದವರ ಹೃದಯದಲ್ಲಿ ಇಲಿಯದ್ದೇ ರೀತಿಯ ಹಾನಿಯಾಗುತ್ತದೆ ಎಂದು ಸಾಬೀತಾಗಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ 350 ಹೃದಯಾಘಾತದ ರೋಗಿಗಳನ್ನು 700 ಇತರರೊಂದಿಗೆ ಹೋಲಿಸಿದ್ದರು. ಸೂರ್ಯಕಾಂತಿ ಎಣ್ಣೆ ಬಳಸುವವರಿಗಿಂತ ಸಾಸಿವೆ ಎಣ್ಣೆ ಬಳಸುವವರಲ್ಲಿ ಅಪಾಯ ಕಡಿಮೆ ಕಂಡಿತು. ಅದರಲ್ಲಿರುವ ಒಮೇಗಾ-3 ಇದಕ್ಕೆ ಕಾರಣವಿರಬಹುದು. ಆದರೆ ಇಂಥ ಹೋಲಿಕೆಯಿಂದ ಎಣ್ಣೆಯೇ ಕಾಪಾಡಿತು ಎನ್ನಲಾಗದು. ಎಣ್ಣೆ ಬದಲಾದ ಕಡೆ ಊಟದಲ್ಲಿ ಉಳಿದದ್ದೂ ಬದಲಾಗಿರುತ್ತದೆ.

ಎರೂಸಿಕ್ ಆಮ್ಲವನ್ನೇ ಔಷಧವಾಗಿ ಕೊಟ್ಟದ್ದೂ ಇದೆ. ಒಂದು ಅಪರೂಪದ ನರರೋಗಕ್ಕೆ ನೀಡುವ ‘ಲೊರೆಂಜೋನ ಎಣ್ಣೆ’ಯ ಐದನೇ ಒಂದು ಭಾಗ ಅದೇ. ಅದನ್ನು ಸೇವಿಸಿದ ಹಲವರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಇಳಿದವು.

ಅಡುಗೆಮನೆಗೆ ಬಂದರೆ

ಆರೋಗ್ಯವಂತ ವಯಸ್ಕರು ಮಿತವಾಗಿ, ಬೇರೆ ಎಣ್ಣೆಗಳೊಂದಿಗೆ ಸರದಿಯಲ್ಲಿ ಬಳಸುವುದಕ್ಕೆ ಹೆದರಬೇಕಿಲ್ಲ. ಪುಟ್ಟ ಮಕ್ಕಳ ಊಟಕ್ಕೆ ಇದೊಂದನ್ನೇ ನೆಚ್ಚಿಕೊಳ್ಳದಿರುವುದು ಒಳ್ಳೆಯದು. ಎರಡು ಶೇಕಡಾಕ್ಕಿಂತ ಕಡಿಮೆ ಎರೂಸಿಕ್ ಆಮ್ಲವಿರುವ ಪೂಸಾ ಮಸ್ಟರ್ಡ್ 30ರಂಥ ತಳಿಗಳು ಭಾರತದಲ್ಲೇ ಬಂದಿವೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆ ತಿಂದು ಜನ ಸತ್ತದ್ದು ಬೇರೆ ಕಾರಣಕ್ಕೆ: ಅದರಲ್ಲಿ ಅರ್ಗೆಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿತ್ತು. ಮೊಹರು ಮಾಡಿದ ಬಾಟಲಿ ಕೊಳ್ಳಿ ಎನ್ನುವುದು ಇಂಥ ಕಲಬೆರಕೆಯ ಭಯದಿಂದ.

ಇನ್ನು ನಮ್ಮ ಒಗ್ಗರಣೆ. ಒಂದು ಚಮಚ ಸಾಸಿವೆ ಕಾಳು ಸುಮಾರು 3 ಗ್ರಾಂ, ಅದರಲ್ಲಿ ಎಣ್ಣೆ ಒಂದು ಗ್ರಾಂ ಚಿಲ್ಲರೆ, ಎರೂಸಿಕ್ ಆಮ್ಲ ಅರ್ಧ ಗ್ರಾಂ. ಅದೂ ನಾಲ್ಕು ಜನರ ಸಾರಿಗೆ.