ದಾವೆ ಯಾವ ಊರಿನಲ್ಲಿ?

ದೂರದ ಊರಿನ ಕಂಪನಿಯಿಂದ ಬಾಕಿ ಬರಬೇಕಾದ ಸಣ್ಣ ವ್ಯಾಪಾರಿ ವಕೀಲರನ್ನು ಮೊದಲು ಕೇಳುವುದು ‘ಕೇಸು ಇಲ್ಲೇ ಹಾಕಬಹುದೇ?’ ಎಂದು. ಪ್ರತಿ ಮುದ್ದತಿಗೆ ಅಂಗಡಿ ಮುಚ್ಚಿ, ರೈಲು ಹತ್ತಿ ಹೋಗಬೇಕೆಂದರೆ ನ್ಯಾಯವಾದ ಬಾಕಿಯನ್ನೂ ಎಷ್ಟೋ ಜನ ಕೈಬಿಡುತ್ತಾರೆ. ಹೀಗಾಗಿ ಓಡಾಟದ ಹೊರೆ ಯಾರ ಹೆಗಲಿಗೆ ಎಂಬುದೇ ಪ್ರಾದೇಶಿಕ ಅಧಿಕಾರ ವ್ಯಾಪ್ತಿಯ ನಿಯಮಗಳ ತಿರುಳು. ಕಳೆದ ನೂರು ವರ್ಷಗಳಲ್ಲಿ ಆ ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ಹಲವು ಸಲ ಜಾರಿದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ದಾವೆಗಳನ್ನು ಎರಡು ದಾರಿಗೆ ಹಚ್ಚಿತು. ಜಮೀನು, ಮನೆಯಂಥ ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಕಡೆಯೇ ನಡೆಯಬೇಕು ಎನ್ನುತ್ತದೆ 16ನೇ ಕಲಂ. ಹಣದ ಬಾಕಿ, ಕರಾರು ಮುಂತಾದ ಉಳಿದ ಬಹುತೇಕ ದಾವೆಗಳಿಗೆ 20ನೇ ಕಲಂ ಇದೆ. ಪ್ರತಿವಾದಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನಲ್ಲಿ ಹೂಡಬಹುದು. ಇಲ್ಲವೇ ವ್ಯಾಜ್ಯಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಊರಿನಲ್ಲಿ. ಆ ‘ಭಾಗಶಃ’ ಹಳೆಯ ಸಂಹಿತೆಯಲ್ಲಿ ಇರಲಿಲ್ಲ. 1908ರಲ್ಲಿ ಅದು ಸೇರಿದ್ದರಿಂದ ಮಾತುಕತೆ ಒಂದು ಊರಲ್ಲಿ, ಸರಕು ಇನ್ನೊಂದು ಊರಲ್ಲಿ, ಹಣ ಮತ್ತೊಂದು ಊರಲ್ಲಿ ಎಂಬಂಥ ವ್ಯವಹಾರದಲ್ಲಿ ವಾದಿಗೆ ಆಯ್ಕೆ ಸಿಕ್ಕಿತು.

ಆದರೆ ಕರಾರು ಹುಟ್ಟಿದ ಊರು ಯಾವುದು? ಫೋನು ಬಂದ ಮೇಲೆ ಈ ಪ್ರಶ್ನೆ ಜಟಿಲವಾಯಿತು. 1959ರಲ್ಲಿ ಅಹಮದಾಬಾದಿನ ವ್ಯಾಪಾರಿಗಳು ಮಹಾರಾಷ್ಟ್ರದ ಖಾಮಗಾಂವ್‌ನ ಜಿನ್ನಿಂಗ್ ಕಾರ್ಖಾನೆಯೊಂದಕ್ಕೆ ಫೋನು ಮಾಡಿ ಹತ್ತಿಕಾಳಿನ ಹಿಂಡಿ ಕೊಳ್ಳುವ ಮಾತು ಮುಗಿಸಿದರು. ಹಿಂಡಿ ಬರಲಿಲ್ಲ, ಅಹಮದಾಬಾದಿನಲ್ಲಿ ದಾವೆ ಬಿತ್ತು. ‘ಒಪ್ಪಿದ್ದು ಖಾಮಗಾಂವ್‌ನಲ್ಲಿ ಕೂತು, ದಾವೆಯೂ ಅಲ್ಲೇ ಆಗಲಿ’ ಎಂಬುದು ಕಾರ್ಖಾನೆಯ ವಾದ. ಅಂಚೆಯ ಮೂಲಕ ಒಪ್ಪಿಗೆ ಕೊಟ್ಟಾಗ ಪತ್ರ ಅಂಚೆಗೆ ಬಿದ್ದ ಊರಲ್ಲೇ ಕರಾರು ಆಗುತ್ತದೆ. ಫೋನಿನಲ್ಲಿ ಹಾಗಲ್ಲ, ಒಪ್ಪಿಗೆ ಕೇಳಿಸಿಕೊಂಡ ಊರಲ್ಲಿ ಆಗುತ್ತದೆ ಎಂದು ಸುಪ್ರೀಂ ಕೋರ್ಟು 1965ರಲ್ಲಿ ಬಹುಮತದಿಂದ ಹೇಳಿತು. ಒಪ್ಪಿಗೆ ಹೊರಟ ಊರೇ ಮುಖ್ಯ ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಭಿನ್ನಮತ ಬರೆದರು. ಬಹುಮತದ ತೀರ್ಪಿನ ಫಲವಾಗಿ, ಖರೀದಿಗೆ ತಾನೇ ಕರೆ ಮಾಡಿದ ವ್ಯಾಪಾರಿ ತನ್ನ ಊರಿನಲ್ಲೇ ದಾವೆ ನಡೆಸುವಂತಾಯಿತು.

ಕಂಪನಿಗಳು ಇದಕ್ಕೆ ಬಿಲ್ಲಿನ ಅಡಿಯಲ್ಲಿ ಒಂದು ಸಾಲು ಅಚ್ಚು ಹಾಕಿ ಉತ್ತರ ಕೊಟ್ಟವು: ವಿವಾದಗಳು ಇಂಥ ಊರಿನ ನ್ಯಾಯಾಲಯಕ್ಕೆ ಒಳಪಟ್ಟಿರುತ್ತವೆ. 1971ರ ಹಾಕಂ ಸಿಂಗ್ ಪ್ರಕರಣದಲ್ಲಿ ಕೋರ್ಟು ಇದಕ್ಕೆ ಗಡಿ ಹಾಕಿತು. ಅಧಿಕಾರವೇ ಇಲ್ಲದ ಕೋರ್ಟಿಗೆ ಒಪ್ಪಂದದ ಮೂಲಕ ಅಧಿಕಾರ ಕೊಡಲಾಗದು. ಅಧಿಕಾರವಿರುವ ಎರಡು ಕೋರ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. 1991ರ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ ಈ ಗಡಿ ನಿಜವಾಗಿ ಕೆಲಸ ಮಾಡಿತು. ತಮಿಳುನಾಡಿನ ಬೋಡಿನಾಯಕನೂರಿನ ಕಚೇರಿಯಲ್ಲಿ ಲಾರಿ ಕಂಪನಿಗೆ ಒಪ್ಪಿಸಿದ ಏಲಕ್ಕಿ ದೆಹಲಿಯಲ್ಲಿ ಬೆಂಕಿಗೆ ತುತ್ತಾಯಿತು. ಬಾಂಬೆ ಕೋರ್ಟು ಮಾತ್ರ ಎಂದು ಕರಾರಿನಲ್ಲಿ ಇತ್ತು. ಕಂಪನಿಯ ಮುಖ್ಯ ಕಚೇರಿ ಅಲ್ಲಿತ್ತು. ಶಾಖೆ ಇರುವ ಊರಿನಲ್ಲೇ ವ್ಯಾಜ್ಯಕಾರಣ ಹುಟ್ಟಿದರೆ ಕಂಪನಿ ಆ ಊರಿನಲ್ಲಿ ವ್ಯವಹರಿಸುತ್ತಿದೆ ಎಂದೇ ಲೆಕ್ಕ, ಮುಖ್ಯ ಕಚೇರಿಯ ಊರು ಆಗ ಗಣನೆಗೆ ಬಾರದು ಎಂದಿತು ಕೋರ್ಟು. ಬಾಂಬೆಗೆ ಅಧಿಕಾರವೇ ಇಲ್ಲದ ಮೇಲೆ ಷರತ್ತು ನಿಲ್ಲಲಿಲ್ಲ. ಏಲಕ್ಕಿ ವ್ಯಾಪಾರಿಗೆ ತನ್ನ ಸೀಮೆಯ ಕೋರ್ಟೇ ಸಿಕ್ಕಿತು.

ಅಧಿಕಾರವಿರುವ ಕೋರ್ಟನ್ನೇ ಷರತ್ತು ಹೆಸರಿಸಿದ್ದರೆ ಮಾತ್ರ ಹಾದಿ ಕಿರಿದಾಗುತ್ತ ಬಂದಿದೆ. 1989ರ ಎಬಿಸಿ ಲ್ಯಾಮಿನಾರ್ಟ್ ಪ್ರಕರಣದ ಕರಾರು ಗುಜರಾತಿನ ಕೈರಾ ನ್ಯಾಯಾಲಯವನ್ನು ಹೆಸರಿಸಿತ್ತು, ‘ಮಾತ್ರ’ ಎಂದಿರಲಿಲ್ಲ. ಹಾಗಾಗಿ ಸೇಲಂನ ವ್ಯಾಪಾರಿ ಸೇಲಂನಲ್ಲಿ ಹೂಡಿದ ದಾವೆ ಉಳಿಯಿತು. 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಒಂದು ಊರನ್ನು ಹೆಸರಿಸಿದರೆ ಉಳಿದ ಊರುಗಳನ್ನು ಕೈಬಿಟ್ಟಂತೆಯೇ, ‘ಮಾತ್ರ’ ಇಲ್ಲದಿದ್ದರೂ ಎಂದಿತು. ಸಮಬಲದ ಇಬ್ಬರು ಚೌಕಾಸಿ ಮಾಡಿ ಬರೆದ ಕರಾರಿಗೆ ಇದು ಸರಿ. ಬಿಲ್ಲಿನಡಿಯ ಸಣ್ಣಕ್ಷರವನ್ನು ಓದದೆ, ಓದಿದರೂ ಬದಲಿಸುವ ಶಕ್ತಿಯಿಲ್ಲದೆ ಸಹಿ ಹಾಕುವವನ ಮೇಲೆ ಇದು ಭಾರ ಎಂದೇ ನನ್ನ ಅಭಿಪ್ರಾಯ.

ಸ್ಥಿರಾಸ್ತಿಯಲ್ಲಿ ತಪ್ಪಿದರೆ ಬೆಲೆ ಇನ್ನೂ ದೊಡ್ಡದು. ಹರ್ಷದ್ ಚಿಮನ್‌ಲಾಲ್ ಮೋದಿ ಪ್ರಕರಣದಲ್ಲಿ ನಿವೇಶನ ಇದ್ದದ್ದು ಗುರ್ಗಾಂವ್‌ನಲ್ಲಿ, ಕರಾರು ಆದದ್ದು ದೆಹಲಿಯಲ್ಲಿ. ಕರಾರಿನ ಪಾಲನೆ ಮತ್ತು ನಿವೇಶನದ ಸ್ವಾಧೀನ ಕೋರಿ ದೆಹಲಿಯಲ್ಲಿ 1988ರಲ್ಲಿ ದಾವೆ ಬಿತ್ತು. ಪ್ರತಿವಾದಿಗಳು ಮೊದಲು ಕೋರ್ಟಿನ ಅಧಿಕಾರವನ್ನು ಒಪ್ಪಿಕೊಂಡಿದ್ದರು, ವರ್ಷಗಳ ಮೇಲೆ ತಕರಾರು ತೆಗೆದರು. ದೆಹಲಿಗೆ ಅಧಿಕಾರವಿಲ್ಲ, ಪ್ರತಿವಾದಿಗಳ ಒಪ್ಪಿಗೆಯಿಂದಲೂ ಅದು ಬಾರದು ಎಂದು ಸುಪ್ರೀಂ ಕೋರ್ಟು ಅಂತಿಮವಾಗಿ ಹೇಳಿದ್ದು 2005ರಲ್ಲಿ.

ಹಣದ ದಾವೆಗಳಲ್ಲಿ ಕಾನೂನು ಇಷ್ಟು ಕಠಿಣವಲ್ಲ. 21ನೇ ಕಲಮಿನ ಪ್ರಕಾರ ಊರಿನ ಬಗೆಗಿನ ತಕರಾರನ್ನು ಆದಷ್ಟು ಬೇಗ, ವಿವಾದಾಂಶಗಳು ನಿಗದಿಯಾಗುವ ಹಂತದೊಳಗೆ ಎತ್ತಬೇಕು; ಮೇಲ್ಮನವಿಯಲ್ಲಿ ಅದು ಗೆಲ್ಲಬೇಕಾದರೆ ಅನ್ಯಾಯವಾಗಿದೆ ಎಂದೂ ತೋರಿಸಬೇಕು. 1976ರ ತಿದ್ದುಪಡಿ ಹಣಕಾಸಿನ ವ್ಯಾಪ್ತಿಯ ತಕರಾರಿಗೂ ಇದನ್ನೇ ಅನ್ವಯಿಸಿತು. ಅದಕ್ಕೂ ಮೊದಲು 1954ರ ಕಿರಣ್ ಸಿಂಗ್ ಪ್ರಕರಣದಲ್ಲಿ ವಾದಿಗಳು ದಾವೆಗೆ 2,950 ರೂಪಾಯಿ ಮೌಲ್ಯ ಕಟ್ಟಿ, ಜಿಲ್ಲಾ ನ್ಯಾಯಾಲಯದ ಮೇಲ್ಮನವಿಯಲ್ಲೂ ಸೋತಿದ್ದರು. ನಿಜವಾದ ಮೌಲ್ಯ 9,980 ಎಂದು ಹೈಕೋರ್ಟಿನಲ್ಲಿ ತೀರ್ಮಾನವಾದಾಗ, ಹಾಗಾದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಕೇಳುವ ಅಧಿಕಾರವೇ ಇರಲಿಲ್ಲ ಎಂದು ಅವರೇ ವಾದಿಸಿದರು. ತಪ್ಪು ಮೌಲ್ಯದಿಂದ ತೀರ್ಪಿಗೆ ಧಕ್ಕೆಯಾಗಿಲ್ಲ ಎಂದು ಸುಪ್ರೀಂ ಕೋರ್ಟು ವಾದವನ್ನು ತಳ್ಳಿಹಾಕಿತು.

ಹಣಕಾಸಿನ ವ್ಯಾಪ್ತಿ ಎಂದರೆ ಊರಿನೊಳಗೆ ಯಾವ ಮೆಟ್ಟಿಲು ಹತ್ತಬೇಕು ಎಂಬುದು. ಅಧಿಕಾರವಿರುವ ಅತ್ಯಂತ ಕೆಳಹಂತದ ಕೋರ್ಟಿನಲ್ಲೇ ಹೂಡಬೇಕೆನ್ನುತ್ತದೆ 15ನೇ ಕಲಂ. ಕರ್ನಾಟಕದಲ್ಲಿ 1964ರ ಸಿವಿಲ್ ನ್ಯಾಯಾಲಯಗಳ ಕಾಯ್ದೆ ಕಿರಿಯ ಸಿವಿಲ್ ನ್ಯಾಯಾಧೀಶರಿಗೆ ಮೊತ್ತದ ಮಿತಿ ಹಾಕಿದೆ, ಅದನ್ನು ಮೀರಿದ್ದು ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಗುತ್ತದೆ. ಇಲ್ಲಿ ಮೌಲ್ಯ ಎಂದರೆ ಯಾವಾಗಲೂ ಪೇಟೆಯ ಬೆಲೆ ಅಲ್ಲ. 1958ರ ಕೋರ್ಟು ಶುಲ್ಕ ಮತ್ತು ದಾವೆ ಮೌಲ್ಯಮಾಪನ ಕಾಯ್ದೆಯ ಪ್ರಕಾರ ಕಂದಾಯ ಬೀಳುವ ಕೃಷಿ ಜಮೀನಿನ ಹಲವು ಬಗೆಯ ದಾವೆಗಳಲ್ಲಿ ಕಂದಾಯದ 25 ಪಟ್ಟನ್ನು ಪೇಟೆ ಬೆಲೆ ಎಂದು ಹಿಡಿಯಬೇಕು. ಹೀಗಾಗಿ ಲಕ್ಷಾಂತರ ಬಾಳುವ ಹೊಲದ ತಂಟೆಯೂ ತಾಲ್ಲೂಕಿನ ಕಿರಿಯ ಕೋರ್ಟಿನಲ್ಲೇ ನಡೆಯಬಹುದು. ಭೂಪರಿವರ್ತನೆಯಾಗಿ ನಿವೇಶನವಾದ ಜಮೀನಿಗೆ ಈ ಲೆಕ್ಕ ಸಲ್ಲದು. ಮೌಲ್ಯದ ಜಗಳ ಹೆಚ್ಚಾಗಿ ಏಳುವುದು ಅಲ್ಲೇ.

ತಪ್ಪು ಕೋರ್ಟಿಗೆ ಹೋದರೆ ದಾವೆ ಸಾಯುವುದಿಲ್ಲ. 7ನೇ ಆದೇಶದ 10ನೇ ನಿಯಮದಂತೆ ವಾದಪತ್ರವನ್ನು ಸರಿಯಾದ ಕೋರ್ಟಿಗೆ ಸಲ್ಲಿಸಲು ಹಿಂದಿರುಗಿಸುತ್ತಾರೆ. ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ನಡೆಸಿದ್ದರೆ ಅಲ್ಲಿ ಕಳೆದ ಅವಧಿಯನ್ನು ಕಾಲಮಿತಿ ಕಾಯ್ದೆಯ 14ನೇ ಕಲಂ ಲೆಕ್ಕದಿಂದ ಬಿಡುತ್ತದೆ. ಆದರೆ ಹೊಸ ಕೋರ್ಟಿನಲ್ಲಿ ವಿಚಾರಣೆ ಮೊದಲಿನಿಂದ ಶುರು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹಳೆಯ ಕೋರ್ಟಿನಲ್ಲಿ ಮುಗಿದ ಸಾಕ್ಷಿ ವಿಚಾರಣೆ ಲೆಕ್ಕಕ್ಕಿಲ್ಲ. ಹೀಗಿದ್ದೂ ವಾದಪತ್ರದಲ್ಲಿ ಅಧಿಕಾರ ವ್ಯಾಪ್ತಿಯ ಪ್ಯಾರಾ ಹಲವು ಬಾರಿ ಹಳೆಯ ಕಡತದಿಂದ ನಕಲಾಗುತ್ತದೆ: ವ್ಯಾಜ್ಯಕಾರಣ ಈ ನ್ಯಾಯಾಲಯದ ವ್ಯಾಪ್ತಿಯಲ್ಲಿ ಉದ್ಭವಿಸಿದೆ, ಅಷ್ಟೇ. ಕರೆ ಹೋದದ್ದು ಎಲ್ಲಿಂದ, ಸರಕು ಇಳಿದದ್ದು ಎಲ್ಲಿ, ಹಣ ಯಾವ ಊರಿನ ಖಾತೆಗೆ ಬರಬೇಕಿತ್ತು, ಬಿಲ್ಲಿನಡಿಯಲ್ಲಿ ಯಾವ ಊರಿನ ಹೆಸರಿದೆ ಎಂಬ ನಾಲ್ಕು ಸಂಗತಿಗಳನ್ನು ಕಾಗದ ಸಮೇತ ಆ ಪ್ಯಾರಾದಲ್ಲೇ ಬರೆದಿದ್ದರೆ, ಪ್ರತಿವಾದಿಯ ತಕರಾರು ಮೊದಲ ಹಂತದಲ್ಲೇ ತೀರ್ಮಾನವಾಗುತ್ತದೆ.