ಮುಚ್ಚಿದ ಪಾನಗೃಹ ಮತ್ತು ಸೂಫಿ ಕಾವ್ಯದ ಕೀಲಿಕೈ

ಪರಮಗೀತೆಯ ವಧೂವರರಲ್ಲಿ ದೇವರ ಮತ್ತು ಆತನ ಜನರ ಪ್ರೀತಿಯನ್ನು ಕಾಣುವುದು ನಮಗೆ ಹೊಸತಲ್ಲ. ಪರ್ಷಿಯಾದ ಸೂಫಿ ಕಾವ್ಯ ಇನ್ನೂ ಕಠಿಣವಾದ ಪ್ರಶ್ನೆಯನ್ನು ಮುಂದಿಡುತ್ತದೆ: ಮದ್ಯವನ್ನು ನಿಷೇಧಿಸಿದ ಧರ್ಮದ ಸಾಧಕರು ಮದ್ಯವನ್ನೇ ಹಾಡಿದ್ದೇಕೆ?

1317ರಲ್ಲಿ ಹೆರಾತ್‌ನ ಅಮೀರ್ ಹುಸೈನಿ ಎಂಬ ಸೂಫಿ, ತಬ್ರೀಜ್‌ನ ಸಾಧಕರಿಗೆ ಪದ್ಯರೂಪದ ಪತ್ರವೊಂದನ್ನು ಬರೆದು ಇದನ್ನೇ ಕೇಳಿದನು. ಕಣ್ಣು, ತುಟಿ, ಮುಂಗುರುಳು, ಮದ್ಯ ಇವುಗಳ ಅರ್ಥವೇನು? ಕ್ರೈಸ್ತರು ನಡುವಿಗೆ ಕಟ್ಟುವ ದಾರವನ್ನು ಕವಿಗಳು ಹೊಗಳುವುದೇಕೆ? ಮಹಮೂದ್ ಶಬಿಸ್ತರಿಯು ನೀಡಿದ ಉತ್ತರವೇ ‘ಗುಲ್ಶನೆ ರಾಜ್’ ಎಂಬ ಕಾವ್ಯ. ಅದರಲ್ಲಿ ಪ್ರೇಯಸಿಯ ಮುಖವು ದೈವದ ಏಕತೆ. ಅದನ್ನು ಮರೆಮಾಡುವ ಮುಂಗುರುಳು ಲೋಕದ ಬಹುತ್ವ. ಮದ್ಯವು ‘ನಾನು’ ಎಂಬುದನ್ನು ಕರಗಿಸುವ ಅನುಭವ. ದಾರವು ಸೇವೆಯ ಬಂಧ. ಕ್ರೈಸ್ತತನವು ವಿರಕ್ತಿ, ಕುರುಡು ಅನುಕರಣೆಯಿಂದ ಬಿಡುಗಡೆ.

ಕೀಲಿಕೈ ದೊರೆಯಿತು. ಆದರೆ ಎಲ್ಲ ಬೀಗಕ್ಕೂ ಅದೊಂದೇ ಸಾಕೇ? ಶಿರಾಜ್‌ನ ಹಾಫಿಜ್‌ನನ್ನು ನೋಡಿರಿ. 1353ರಲ್ಲಿ ಮುಬಾರಿಜುದ್ದೀನ್ ಎಂಬ ಅರಸನು ಆ ನಗರವನ್ನು ಗೆದ್ದು ಪಾನಗೃಹಗಳನ್ನು ಮುಚ್ಚಿಸಿದನು. 1358ರಲ್ಲಿ ಆತನ ಮಕ್ಕಳೇ ಅವನನ್ನು ಪದಚ್ಯುತಗೊಳಿಸಿ ಕುರುಡನನ್ನಾಗಿಸಿದರು. ಅನಂತರ ಬಂದ ಶಾಹ್ ಶುಜಾನ ಆಳ್ವಿಕೆಯಲ್ಲಿ ಬಿಗಿ ಸಡಿಲಿತು. ಹಾಫಿಜ್‌ನ ಕೆಲವು ಗಜಲುಗಳಲ್ಲಿ ಪಾನಗೃಹದ ಬಾಗಿಲು ಮುಚ್ಚಿದೆ, ನೀತಿಪಾಲಕ ಅಧಿಕಾರಿ ಕಾವಲು ನಿಂತಿದ್ದಾನೆ. ಇದನ್ನು ಕೃಪೆಯ ಬಾಗಿಲು ಎಂದಷ್ಟೇ ಓದಿದರೆ, ಭಕ್ತಿಯ ಹೆಸರಿನ ದಬ್ಬಾಳಿಕೆ ಮತ್ತು ಕಪಟದ ಮೇಲೆ ಕವಿ ತೋರಿದ ಸಿಟ್ಟು ಕಣ್ಮರೆಯಾಗುತ್ತದೆ.

ಬೋಸ್ನಿಯಾ ಮೂಲದ ವಿದ್ವಾಂಸ ಸೂದಿಗೆ ಈ ಅಪಾಯ ತಿಳಿದಿತ್ತು. 1594ರಲ್ಲಿ ಮುಗಿಸಿದ ತುರ್ಕಿ ವ್ಯಾಖ್ಯಾನದಲ್ಲಿ ಅವನು ಮೊದಲು ವ್ಯಾಕರಣವನ್ನೂ ಪದಗಳ ನೇರ ಅರ್ಥವನ್ನೂ ಬಿಡಿಸಿದನು. ಪ್ರತಿಯೊಂದು ಬಟ್ಟಲಿನಲ್ಲೂ ಗೂಢಾರ್ಥ ತುಂಬುತ್ತಿದ್ದ ವ್ಯಾಖ್ಯಾನಕಾರರ ದಾರಿಯನ್ನು ಅವನು ಹಿಡಿಯಲಿಲ್ಲ.

ಹಾಗಾದರೆ ಓದುಗನು ಅರ್ಥವನ್ನು ಗುರುತಿಸುವುದು ಹೇಗೆ? ಕವಿತೆಯೇ ಸುಳಿವು ಕೊಡುತ್ತದೆ. ಸೃಷ್ಟಿಗೂ ಮುಂಚೆ ಆತ್ಮಗಳು ದೇವರೊಡನೆ ಮಾಡಿದ ಒಡಂಬಡಿಕೆಯ ದಿನ ಕುಡಿದ ಮದ್ಯವೆಂದು ಕವಿ ಹೇಳಿದರೆ, ಅದು ದ್ರಾಕ್ಷಿಯದ್ದಾಗಲಾರದು. ಅಂದು ದ್ರಾಕ್ಷಿಬಳ್ಳಿಯೇ ಇರಲಿಲ್ಲ. ಅಧಿಕಾರಿಯ ಭಯದಿಂದ ಗುಟ್ಟಾಗಿ ಕುಡಿಯುವ ಮಾತು ಬಂದರೆ, ಮೊದಲು ಶಿರಾಜ್‌ನ ಬೀದಿಯನ್ನು ನೆನೆಯಬೇಕು. ಎರಡು ಸುಳಿವುಗಳೂ ಒಂದೇ ಗಜಲಿನಲ್ಲಿ ಕೂಡಿದ್ದರೆ, ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಅಧಿಕಾರ ವ್ಯಾಖ್ಯಾನಕಾರನಿಗಿಲ್ಲ.