ರೇ ಟ್ರೇಸಿಂಗ್ ಕಥೆ, ಭಾಗ 4: ಡಬ್ಬಿಯನ್ನ ಎಲ್ಲಿ ಒಡೀಬೇಕು?

1980ರಲ್ಲಿ ರೂಬಿನ್ ಮತ್ತು ವಿಟ್ಟೆಡ್ ದೃಶ್ಯದ ವಸ್ತುಗಳನ್ನ ಡಬ್ಬಿಯೊಳಗೆ ಡಬ್ಬಿಯಾಗಿ ಇಟ್ಟರು. ಇದೇ ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ. ಕಿರಣ ಹೊರಗಿನ ಡಬ್ಬಿಗೆ ತಾಗದಿದ್ರೆ ಒಳಗೆ ನೋಡೋದೇ ಬೇಡ. ಆದ್ರೆ ಜೋಡಣೆ ಕೈಕೆಲಸ.

1987ರಲ್ಲಿ ಗೋಲ್ಡ್‌ಸ್ಮಿತ್, ಸಾಲ್ಮನ್ ಅದನ್ನ ಕಂಪ್ಯೂಟರಿಗೆ ವಹಿಸಿದ್ರು. ಹೊರಡಬ್ಬಿಗೆ ತಾಗಿದ ಕಿರಣ ಒಳಡಬ್ಬಿಗೂ ತಾಗುವ ಸಾಧ್ಯತೆ ಎಷ್ಟು? ಎರಡರ ಮೇಲ್ಮೈ ವಿಸ್ತೀರ್ಣದ ಅನುಪಾತದಷ್ಟು.

ನನ್ನ ಪುಟ್ಟ ಟ್ರೇಸರಲ್ಲಿ ನೆಲಕ್ಕೆ 2 ತ್ರಿಕೋನ, ನಡುವಿನ ಗೊಂಬೆಗೆ 98. ಮೊದಲು 50-50 ಹಂಚಿದೆ. ನೆಲದ ತ್ರಿಕೋನ ಕಡೆಗೊಂದು ಸೇರಿಕೊಂಡು, ಎರಡೂ ಡಬ್ಬಿ ಹೆಚ್ಚುಕಮ್ಮಿ ಇಡೀ ದೃಶ್ಯದಷ್ಟೇ ಊದಿಕೊಂಡ್ವು. ಅನುಪಾತ 0.95 ಅಂದ್ರೆ ಕಿರಣಕ್ಕೆ ಸರಾಸರಿ 95 ತ್ರಿಕೋನ ಪರೀಕ್ಷೆ! ನೆಲ ಬೇರೆ, ಗೊಂಬೆ ಬೇರೆ ಮಾಡಿದಾಗ:

```
0.9×2 + 0.1×98 = 11.6
```

ಕಿರಣಗಳು ಹೊರಗಿನಿಂದ ಎಲ್ಲ ದಿಕ್ಕಲ್ಲೂ ಸಮನಾಗಿ ಬರ್ತವೆ ಅನ್ನೋ ಊಹೆ ಇದರಲ್ಲಿದೆ. ಕ್ಯಾಮೆರಾನ ಗೊಂಬೆ ಮುಖದ ಹತ್ರ ಇಟ್ಟರೆ ಆ 0.1 ಸುಳ್ಳಾಗುತ್ತೆ, ಹೆಚ್ಚಿನ ಕಿರಣ ಗೊಂಬೆ ಡಬ್ಬಿಗೇ ನುಗ್ತವೆ.